ಅಕೌಂಟ್ ಮ್ಯಾನೇಜರ್ ಬದಲಾಗುವಾಗ ಗ್ರಾಹಕರಿಗೆ ತಿಳಿಸುವ ಕ್ರಮ: ಪೇರೋಲ್ ಸೇವೆಯ ಒಂದು ಉದಾಹರಣೆ

ಕಾರ್ಖಾನೆಗಳ ಸಂಬಳದ ಲೆಕ್ಕವನ್ನೂ ಅದರ ಬೆನ್ನಿಗೇ ಬರುವ ಪಿಎಫ್, ಇಎಸ್‌ಐ, ಟಿಡಿಎಸ್ ಮತ್ತು ವೃತ್ತಿ ತೆರಿಗೆಯ ಪಾವತಿಗಳನ್ನೂ ಹೊರಗಿನಿಂದ ನಿರ್ವಹಿಸಿಕೊಡುವ ಸಂಸ್ಥೆಗಳಲ್ಲಿ ನಾನು ಹಲವು ವರ್ಷ ಕೆಲಸ ಮಾಡಿದ್ದೇನೆ. ಈ ಕೆಲಸದಲ್ಲಿ ಪ್ರತಿ ಗ್ರಾಹಕ ಕಂಪನಿಗೂ ಒಬ್ಬ ಅಕೌಂಟ್ ಮ್ಯಾನೇಜರ್ ಇರುತ್ತಾರೆ; ಹಾಜರಿ ತರಿಸಿಕೊಳ್ಳುವುದು, ಸಂಬಳದ ಹಾಳೆಯ ಕರಡು ಕಳುಹಿಸುವುದು, ತಿದ್ದುಪಡಿ ಮಾಡಿಸುವುದು, ಕಾರ್ಮಿಕರ ದೂರಿಗೆ ಉತ್ತರ ಕೊಡುವುದು ಎಲ್ಲವೂ ಅವರ ಮೂಲಕವೇ ನಡೆಯುತ್ತದೆ. ಅವರು ರಾಜೀನಾಮೆ ಕೊಟ್ಟಾಗ ಅಥವಾ ಬೇರೆ ಹೊಣೆಗೆ ಹೋದಾಗ ಗ್ರಾಹಕರಿಗೆ ಒಂದು ಇಮೇಲ್ ಕಳುಹಿಸಿ ಸುಮ್ಮನಾಗುವ ಸಂಸ್ಥೆಗಳೇ ಹೆಚ್ಚು. ಆ ಇಮೇಲ್‌ನಲ್ಲಿ ಸಾಮಾನ್ಯವಾಗಿ ಇರುವ ಮಾತು "ನಮ್ಮ ಸೇವೆಯಲ್ಲಿ ಯಾವುದೇ ವ್ಯತ್ಯಾಸವಾಗುವುದಿಲ್ಲ" ಎಂಬುದು. ಅದನ್ನು ಓದಿದ ಗ್ರಾಹಕರು ಮೊದಲು ಮಾಡುವ ಕೆಲಸವೆಂದರೆ ಏನೆಲ್ಲ ವ್ಯತ್ಯಾಸವಾಗಬಹುದು ಎಂದು ಲೆಕ್ಕ ಹಾಕುವುದು.

ಒಮ್ಮೆ ನಾವೂ ಹಾಗೆಯೇ ಮಾಡಿದ್ದೆವು. ಮೇ ತಿಂಗಳಲ್ಲಿ ಮ್ಯಾನೇಜರ್ ಬದಲಾದರು, ಪತ್ರ ಹೋಯಿತು, ಹೊಸಬರು ಒಪ್ಪಂದವನ್ನೂ ಹಿಂದಿನ ತಿಂಗಳ ಹಾಳೆಗಳನ್ನೂ ನೋಡಿ ಜೂನ್ ಸಂಬಳ ಮಾಡಿದರು. ಆ ಕಾರ್ಖಾನೆಯಲ್ಲಿ ಕಾರ್ಮಿಕರು ಪಡೆದ ಮುಂಗಡವನ್ನು ಪ್ರತಿ ತಿಂಗಳೂ ಸಂಬಳದಲ್ಲಿ ಹಿಡಿಯುತ್ತಿದ್ದರು. ಆದರೆ ಮಕ್ಕಳ ಶಾಲೆಯ ಫೀಸು, ಪುಸ್ತಕದ ಖರ್ಚು ಇರುವ ಜೂನ್ ಒಂದರಲ್ಲಿ ಹಿಡಿಯಬಾರದು ಎಂದು ಮಾಲೀಕರು ಹಳೆಯ ಮ್ಯಾನೇಜರಿಗೆ ವರ್ಷಗಳ ಹಿಂದೆ ಫೋನಿನಲ್ಲಿ ಹೇಳಿದ್ದರು. ಅದು ಎಲ್ಲಿಯೂ ಬರೆದಿರಲಿಲ್ಲ. 18 ಜನರ ಸಂಬಳದಲ್ಲಿ ಮುಂಗಡ ಕಡಿತವಾಯಿತು, ಅವರೆಲ್ಲ ಎಚ್‌ಆರ್ ಅಧಿಕಾರಿಯ ಬಾಗಿಲಿಗೆ ಬಂದು ನಿಂತರು. ನಾವು ಎರಡು ದಿನದಲ್ಲಿ ಹಣ ವಾಪಸು ಕೊಡಿಸಿದೆವು, ಆದರೆ ಆ ಅಧಿಕಾರಿ ಅಂದು ಕಾರ್ಮಿಕರ ಮುಂದೆ ಪಟ್ಟ ಮುಜುಗರವನ್ನು ವಾಪಸು ತೆಗೆಯಲು ಆಗಲಿಲ್ಲ. ಅಲ್ಲಿಂದ ನನಗೆ ಸ್ಪಷ್ಟವಾದ ಸಂಗತಿ ಇಷ್ಟು: ಮ್ಯಾನೇಜರ್ ಬದಲಾದಾಗ ಗ್ರಾಹಕರ ಕೈತಪ್ಪುವುದು ಬರೆಯದೆ ಉಳಿದ ಒಪ್ಪಂದಗಳು. ಆದ್ದರಿಂದ ಸೇವೆ ಮುಂದುವರಿಯುತ್ತದೆ ಎಂಬ ಭರವಸೆ ಕೊಡುವ ಮೊದಲು, ಏನೇನು ಮುಂದುವರಿಯಬೇಕು ಎಂಬುದನ್ನು ನಾವೇ ತಿಳಿದುಕೊಂಡಿರಬೇಕು.

ಕೆಳಗಿನ ಕ್ರಮವನ್ನು ವಿವರಿಸಲು ಒಂದು ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ. ಪೀಣ್ಯದಲ್ಲಿ 240 ಕಾರ್ಮಿಕರಿರುವ, ಮೂರು ಪಾಳಿಯಲ್ಲಿ ನಡೆಯುವ ಬಿಡಿಭಾಗಗಳ ಕಾರ್ಖಾನೆ. ಅದರ ಅಕೌಂಟ್ ಮ್ಯಾನೇಜರ್ ಜುಲೈ 2ರಂದು ರಾಜೀನಾಮೆ ಕೊಟ್ಟಿದ್ದಾರೆ; 60 ದಿನಗಳ ನೋಟಿಸ್ ಅವಧಿ ಇರುವುದರಿಂದ ಅವರ ಕೊನೆಯ ದಿನ ಆಗಸ್ಟ್ 31. ಹಾಜರಿಯ ತಿಂಗಳು 26ರಿಂದ 25ರವರೆಗೆ. ಕರಡು 27ಕ್ಕೆ, ಗ್ರಾಹಕರ ಒಪ್ಪಿಗೆ 28ಕ್ಕೆ, ಬ್ಯಾಂಕಿಗೆ ಕಡತ 30ಕ್ಕೆ.

ಮೊದಲ ಹೆಜ್ಜೆ: ದಿನ ಆರಿಸಿಕೊಳ್ಳುವುದು

ಪೇರೋಲ್ ಕೆಲಸದ ತಿಂಗಳಿನಲ್ಲಿ ಬಿಡುವಿನ ದಿನಗಳು ಬಹಳ ಕಡಿಮೆ. ತಿಂಗಳ ಕೊನೆಯಲ್ಲಿ ಸಂಬಳ, 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಕರ್ನಾಟಕದ ವೃತ್ತಿ ತೆರಿಗೆ. 25ರಿಂದ ಮತ್ತೆ ಹಾಜರಿ ಬರತೊಡಗುತ್ತದೆ. ಈ ಗಡುವುಗಳ ನಡುವೆ ಯಾವುದೋ ದಿನ ಗ್ರಾಹಕರಿಗೆ ಸುದ್ದಿ ಮುಟ್ಟಿಸಿದರೆ, ಆ ವಾರದ ಗಡುವಿನ ಗತಿ ಏನು ಎಂಬ ಆತಂಕವೇ ಅವರ ಮನಸ್ಸನ್ನು ಆವರಿಸುತ್ತದೆ. ಹೊಸಬರ ಬಗ್ಗೆ ನಾವು ಹೇಳುವ ಯಾವ ಮಾತೂ ಒಳಗೆ ಇಳಿಯುವುದಿಲ್ಲ. ಆ ಆತಂಕ ಆಧಾರವಿಲ್ಲದ್ದಲ್ಲ. ಕಡಿತ ಮಾಡಿದ ಟಿಡಿಎಸ್ ತಡವಾದರೆ ತಿಂಗಳಿಗೆ ಶೇ 1.5ರಂತೆ ಬಡ್ಡಿ ಬೀಳುತ್ತದೆ, ತಿಂಗಳ ಒಂದು ಭಾಗವನ್ನೂ ಪೂರ್ತಿ ತಿಂಗಳೆಂದೇ ಎಣಿಸಲಾಗುತ್ತದೆ. ಪಿಎಫ್ ತಡವಾದರೆ ಬಡ್ಡಿಯ ಜೊತೆಗೆ ದಂಡವೂ ಇದೆ.

ಆದ್ದರಿಂದ ಸುದ್ದಿ ಹೇಳಲು ಯೋಗ್ಯವಾದ ಅವಧಿ 21ರಿಂದ 24ರವರೆಗಿನ ನಾಲ್ಕು ದಿನಗಳು. ನಮ್ಮ ಉದಾಹರಣೆಯಲ್ಲಿ ಜುಲೈ 22. ರಾಜೀನಾಮೆ ಬಂದು ಇಪ್ಪತ್ತು ದಿನ ಕಳೆದ ಮೇಲೆ ತಿಳಿಸುವುದು ತಡವಲ್ಲವೇ ಎಂದು ಕೇಳಬಹುದು. ಈ ಇಪ್ಪತ್ತು ದಿನಗಳಲ್ಲಿ ಉತ್ತರಾಧಿಕಾರಿಯನ್ನು ಆರಿಸಿ, ಮುಂದೆ ಹೇಳುವ ಟಿಪ್ಪಣಿಯನ್ನು ಬರೆಸಿ ಮುಗಿಸಿರಬೇಕು. ಯಾರು ಬರುತ್ತಾರೆಂದು ಗೊತ್ತಿಲ್ಲದೆ ಯಾರು ಹೋಗುತ್ತಾರೆಂದು ಮಾತ್ರ ತಿಳಿಸಿದರೆ ಗ್ರಾಹಕರಿಗೆ ಸಿಗುವುದು ಅರ್ಧ ಸುದ್ದಿ, ಪೂರ್ತಿ ಚಿಂತೆ. ಅದೇ ಹೊತ್ತಿಗೆ ಆಗಸ್ಟ್ 22ರವರೆಗೂ ಕಾಯಬಾರದು. ಹಾಗೆ ಮಾಡಿದರೆ ಹಳಬರೂ ಹೊಸಬರೂ ಒಟ್ಟಿಗೆ ಮಾಡಬಹುದಾದ ಸಂಬಳದ ತಿಂಗಳು ಒಂದೇ ಉಳಿಯುತ್ತದೆ, ಕನಿಷ್ಠ ಎರಡು ಬೇಕು.

ಆದರೆ ಈ ಲೆಕ್ಕ ಮಾಡುವ ಮೊದಲು ಗ್ರಾಹಕರೊಂದಿಗಿನ ಒಪ್ಪಂದವನ್ನು ತೆಗೆದು ಓದಬೇಕು. ಕೆಲವು ಒಪ್ಪಂದಗಳಲ್ಲಿ ನಿಯೋಜಿತ ವ್ಯಕ್ತಿಯನ್ನು ಬದಲಿಸಲು ಇಂತಿಷ್ಟು ದಿನ ಮೊದಲು ಲಿಖಿತವಾಗಿ ತಿಳಿಸಬೇಕೆಂಬ, ಇಲ್ಲವೇ ಗ್ರಾಹಕರ ಒಪ್ಪಿಗೆ ಪಡೆಯಬೇಕೆಂಬ ಷರತ್ತು ಇರುತ್ತದೆ. ಹಾಗಿದ್ದರೆ ಆ ಷರತ್ತಿನ ದಿನವೇ ನಮ್ಮ ದಿನ.

ಎರಡನೆಯ ಹೆಜ್ಜೆ: ಬರೆಯದೆ ಉಳಿದದ್ದನ್ನು ಬರೆಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ, ಗ್ರಾಹಕರಿಗೆ ಕಾಣದ ಈ ಭಾಗದಲ್ಲಿ. ಹೋಗುವವರಿಗೆ "ನಿಮಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ" ಎಂದು ಹೇಳಿದರೆ ಎರಡು ಪುಟದ ಸಾಮಾನ್ಯ ವಿವರ ಬರುತ್ತದೆ. ಅದರಲ್ಲಿ ಒಪ್ಪಂದದಲ್ಲಿ ಈಗಾಗಲೇ ಇರುವುದೇ ಇರುತ್ತದೆ. ಹತ್ತು ವರ್ಷ ಮಾಡಿದ ಕೆಲಸ ಅವರಿಗೆ ಅಭ್ಯಾಸವಾಗಿ ಹೋಗಿದೆ, ಅದು ವಿಶೇಷ ಎಂದು ಅವರಿಗೇ ಅನ್ನಿಸುವುದಿಲ್ಲ. ನಾನು ಅನುಸರಿಸುವ ಕ್ರಮ ಬೇರೆ. ಹೊಸಬರು ಕಳೆದ ಹನ್ನೆರಡು ತಿಂಗಳ ಕರಡುಗಳನ್ನೂ ಅಂತಿಮ ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು, ಎಲ್ಲೆಲ್ಲಿ ಅಂಕಿ ಬದಲಾಗಿದೆಯೋ ಅಲ್ಲೆಲ್ಲ "ಇದು ಯಾಕೆ ಬದಲಾಯಿತು?" ಎಂದು ಹಳಬರನ್ನು ಕೇಳುತ್ತಾ ಹೋಗಬೇಕು. ಎರಡು ಮಧ್ಯಾಹ್ನಗಳ ಕೆಲಸ. ಉತ್ತರಗಳಲ್ಲೇ ಬಾಯಿಮಾತಿನ ಒಪ್ಪಂದಗಳು ಹೊರಬರುತ್ತವೆ.

ನಮ್ಮ ಕಾರ್ಖಾನೆಯ ವಿಷಯದಲ್ಲಿ ಹಾಗೆ ಹೊರಬಂದ ಟಿಪ್ಪಣಿ ಹೀಗಿರಬಹುದು:

- ಹೀಟ್ ಟ್ರೀಟ್‌ಮೆಂಟ್ ವಿಭಾಗದವರ ಹಾಜರಿ ಯಂತ್ರದಲ್ಲಿ ಬರುವುದಿಲ್ಲ. ಸೂಪರ್‌ವೈಸರ್ ಹಾಜರಿ ಪುಸ್ತಕದ ಫೋಟೋವನ್ನು 26ರ ಮಧ್ಯಾಹ್ನದೊಳಗೆ ವಾಟ್ಸಾಪ್‌ನಲ್ಲಿ ಕಳುಹಿಸುತ್ತಾರೆ. ಬರದಿದ್ದರೆ ಅವರಿಗೆ ನಾವೇ ಫೋನ್ ಮಾಡಬೇಕು, ಎಚ್‌ಆರ್ ಮೂಲಕ ಕೇಳಬಾರದು.
- ರಾತ್ರಿ ಪಾಳಿ ಮಧ್ಯರಾತ್ರಿ ದಾಟಿದರೂ ಪೂರ್ತಿ ಪಾಳಿಯನ್ನು ಆರಂಭವಾದ ದಿನಕ್ಕೇ ಸೇರಿಸಬೇಕು.
- ಮುಂಗಡದ ಕಂತನ್ನು ಜೂನ್ ಸಂಬಳದಲ್ಲಿ ಹಿಡಿಯಬಾರದು.
- ಬೋನಸ್ಸನ್ನು ಆಯುಧಪೂಜೆಗೆ ಒಂದು ವಾರ ಮೊದಲು ಖಾತೆಗೆ ಹಾಕಬೇಕು. ಲೆಕ್ಕವನ್ನು ಅದಕ್ಕೂ ಹತ್ತು ದಿನ ಮೊದಲು ಮಾಲೀಕರಿಗೆ ತೋರಿಸಬೇಕು.
- ಎಚ್‌ಆರ್ ಅಧಿಕಾರಿ ಇಮೇಲ್‌ನಲ್ಲಿ ಒಪ್ಪಿಗೆ ಕೊಟ್ಟರೂ, ಮಾಲೀಕರು ಫೋನಿನಲ್ಲಿ ಸರಿ ಎಂದ ಮೇಲೆಯೇ ಬ್ಯಾಂಕ್ ಕಡತ ಕಳುಹಿಸಬೇಕು.

ಇಲ್ಲಿನ ಆಯುಧಪೂಜೆಯ ಸಾಲನ್ನು ನೋಡಿ. ಕಾನೂನಿನ ಪ್ರಕಾರ ಬೋನಸ್ ಕೊಡಲು ಲೆಕ್ಕದ ವರ್ಷ ಮುಗಿದ ಮೇಲೆ ಎಂಟು ತಿಂಗಳ ಅವಕಾಶವಿದೆ, ಎಂದರೆ ನವೆಂಬರ್ 30ರವರೆಗೆ. ಹೊರಗಿನಿಂದ ಬಂದವರು ಆ ದಿನಾಂಕವನ್ನೇ ಹಿಡಿದು ನಡೆದರೆ ಕಾನೂನಿಗೆ ತಪ್ಪಾಗುವುದಿಲ್ಲ, ಆದರೆ ಯಂತ್ರಗಳಿಗೆ ಪೂಜೆ ಮಾಡುವ ದಿನ ಕಾರ್ಮಿಕರ ಕೈಯಲ್ಲಿ ಹಣವಿಲ್ಲದಿದ್ದರೆ ಆ ಕಾರ್ಖಾನೆಯಲ್ಲಿ ಅದು ದೊಡ್ಡ ತಪ್ಪು.

ಟಿಪ್ಪಣಿ ಬರೆಸುವಾಗ ಇರಿಸುಮುರಿಸಿನ ಸಂಗತಿಗಳೂ ಹೊರಬರುತ್ತವೆ. ಹಳಬರು ತಮ್ಮ ಮಟ್ಟದಲ್ಲೇ ಒಂದು ರಿಯಾಯಿತಿ ಒಪ್ಪಿಕೊಂಡಿರಬಹುದು. ಉದಾಹರಣೆಗೆ, ಕೆಲಸ ಬಿಟ್ಟವರ ಅಂತಿಮ ಲೆಕ್ಕಕ್ಕೆ ಒಪ್ಪಂದದಲ್ಲಿ ಪ್ರತ್ಯೇಕ ಶುಲ್ಕವಿದ್ದರೂ ತಿಂಗಳಿಗೆ ಮೂರರವರೆಗೆ ಉಚಿತವಾಗಿ ಮಾಡಿಕೊಡುತ್ತಾ ಬಂದಿರಬಹುದು. ಅದನ್ನು ಮುಂದುವರಿಸಬೇಕೇ ಬೇಡವೇ ಎಂದು ಸಂಸ್ಥೆಯ ಮುಖ್ಯಸ್ಥರು ಜುಲೈ 22ಕ್ಕೆ ಮೊದಲೇ ನಿರ್ಧರಿಸಬೇಕು. ನನ್ನ ಅಭಿಪ್ರಾಯದಲ್ಲಿ ಒಪ್ಪಂದದ ನವೀಕರಣದವರೆಗೆ ಅದನ್ನು ಹಾಗೆಯೇ ನಡೆಸಿಕೊಂಡು ಹೋಗುವುದು ಸರಿ. ಹೊಸಬರ ಬಾಯಿಂದ ಬರುವ ಮೊದಲ ಮಾತೇ "ಇದಕ್ಕೆ ಇನ್ನು ಮುಂದೆ ಶುಲ್ಕವಾಗುತ್ತದೆ" ಎಂದಾದರೆ ಅವರ ಮೇಲೆ ನಂಬಿಕೆ ಬೆಳೆಯಲು ಜಾಗವೇ ಉಳಿಯುವುದಿಲ್ಲ. ಇದಕ್ಕೆ ಒಂದು ಎಲ್ಲೆ ಇದೆ: ಕಾನೂನಿಗೆ ವಿರುದ್ಧವಾದ ರೂಢಿ ಏನಾದರೂ ಕಂಡುಬಂದರೆ ಅದನ್ನು ಹೊಸಬರ ತಲೆಗೆ ಕಟ್ಟಬಾರದು; ಮುಖ್ಯಸ್ಥರೇ ಗ್ರಾಹಕರೊಂದಿಗೆ ಪ್ರತ್ಯೇಕವಾಗಿ ಮಾತನಾಡಿ ನಿಲ್ಲಿಸಬೇಕು.

ಮೂರನೆಯ ಹೆಜ್ಜೆ: ಮೊದಲು ಫೋನ್, ಅದೂ ಇಬ್ಬರಿಗೆ

ಪತ್ರ ಹೋಗುವ ಮೊದಲು ಮಾತು ಹೋಗಬೇಕು. ಕಾರ್ಖಾನೆಯಲ್ಲಿ ಈ ಸುದ್ದಿಗೆ ಇಬ್ಬರು ಹಕ್ಕುದಾರರಿದ್ದಾರೆ: ಹಣ ಕೊಡುವ ಮಾಲೀಕರು ಮತ್ತು ದಿನನಿತ್ಯ ನಮ್ಮೊಂದಿಗೆ ವ್ಯವಹರಿಸುವ ಎಚ್‌ಆರ್ ಅಧಿಕಾರಿ. ನಮ್ಮ ಸಂಸ್ಥೆಯ ಮುಖ್ಯಸ್ಥರು ಮಾಲೀಕರಿಗೂ, ಹೋಗುತ್ತಿರುವ ಮ್ಯಾನೇಜರ್ ಎಚ್‌ಆರ್ ಅಧಿಕಾರಿಗೂ, ಒಂದೇ ಬೆಳಿಗ್ಗೆ, ಒಂದು ಗಂಟೆಯ ಒಳಗೆ ಫೋನ್ ಮಾಡಬೇಕು. ಒಬ್ಬರಿಗೆ ಮಾತ್ರ ಹೇಳಿದರೆ ಇನ್ನೊಬ್ಬರು ಅದನ್ನು ತಮ್ಮ ಕಚೇರಿಯಲ್ಲೇ ಬೇರೆಯವರ ಬಾಯಿಂದ ಕೇಳುತ್ತಾರೆ, ಆ ಮುನಿಸು ನಮ್ಮ ಮೇಲೆ ಬಹಳ ದಿನ ಉಳಿಯುತ್ತದೆ. ಎಚ್‌ಆರ್ ಅಧಿಕಾರಿಗೆ ಹಳಬರೇ ಏಕೆ ಹೇಳಬೇಕೆಂದರೆ, ವರ್ಷಗಟ್ಟಲೆ ರಾತ್ರಿ ಒಂಬತ್ತಕ್ಕೂ ಫೋನ್ ಎತ್ತಿಕೊಂಡು ಮಾತನಾಡಿದ ಸಂಬಂಧ ಅದು. ಆ ಸುದ್ದಿಯನ್ನು ಬೇರೆಯವರು ಹೇಳುವುದು ಮರ್ಯಾದೆಯಲ್ಲ.

ಅಧಿಕಾರಿಯ ಮೊದಲ ಪ್ರತಿಕ್ರಿಯೆ ಸಾಮಾನ್ಯವಾಗಿ "ಮೇಡಂ, ನೀವು ಹೋದ್ರೆ ನಮ್ಮ ಗತಿ ಏನು?" ಎಂಬಂತೆ ಇರುತ್ತದೆ. ಇಲ್ಲಿ ಹಳಬರು ಎರಡು ಮಾತುಗಳಿಂದ ದೂರವಿರಬೇಕು. "ಹೊಸಬರು ನನಗಿಂತ ಚೆನ್ನಾಗಿ ಮಾಡ್ತಾರೆ" ಎಂಬುದು ಒಂದು. ಅದನ್ನು ಯಾರೂ ನಂಬುವುದಿಲ್ಲ, ಮೊದಲ ಸಣ್ಣ ತಪ್ಪಿಗೇ ಅದು ಹೊಸಬರ ವಿರುದ್ಧದ ಅಳತೆಗೋಲಾಗುತ್ತದೆ. "ಏನೇ ಇದ್ರೂ ನನಗೇ ಫೋನ್ ಮಾಡಿ" ಎಂಬುದು ಇನ್ನೊಂದು. ಇದು ಒಳ್ಳೆಯ ಮನಸ್ಸಿನಿಂದ ಬರುವ ಮಾತು, ಆದರೆ ಹೆಚ್ಚು ಹಾನಿ ಮಾಡುವುದೂ ಇದೇ. ಸೆಪ್ಟೆಂಬರ್‌ನಲ್ಲಿ ಆ ಫೋನ್ ಹೋಗುವುದು ದಾಖಲೆಗಳನ್ನು ನೋಡುವ ಅಧಿಕಾರವೇ ಇಲ್ಲದವರಿಗೆ, ಮತ್ತು ಹೊಸಬರಿಗೆ ಆ ಸಮಸ್ಯೆ ಇತ್ತೆಂಬುದೇ ತಿಳಿಯುವುದಿಲ್ಲ. ಬದಲಿಗೆ ಹೀಗೆ ಹೇಳಬಹುದು: "ಆಗಸ್ಟ್ 31ರವರೆಗೂ ನಾನು ಇರ್ತೀನಿ ಸಾರ್. ಈ ತಿಂಗಳ ಸಂಬಳ ನಾನೇ ಮಾಡ್ತೀನಿ, ಹೊಸಬರು ಪಕ್ಕದಲ್ಲಿ ಕೂತು ನೋಡ್ತಾರೆ. ಮುಂದಿನ ತಿಂಗಳದು ಅವರು ಮಾಡ್ತಾರೆ, ನಾನು ನೋಡ್ತೀನಿ. ನಿಮ್ಮ ಜೂನ್ ಮುಂಗಡದ ವಿಷಯ, ರಾತ್ರಿ ಪಾಳಿ ವಿಷಯ ಎಲ್ಲ ಬರೆದು ಕೊಟ್ಟಾಗಿದೆ."

ಈ ಕೊನೆಯ ವಾಕ್ಯ ಮಾಡುವ ಕೆಲಸವನ್ನು ಯಾವ ಭರವಸೆಯ ಪದವೂ ಮಾಡಲಾರದು. ತಮ್ಮ ಕಾರ್ಖಾನೆಗೆ ಮಾತ್ರ ಸೇರಿದ ಎರಡು ವಿವರಗಳನ್ನು ಕೇಳಿದ ತಕ್ಷಣ ಎದುರಿನವರ ದನಿ ಸಡಿಲವಾಗುವುದನ್ನು ನಾನು ಮತ್ತೆ ಮತ್ತೆ ಗಮನಿಸಿದ್ದೇನೆ.

ಕಾರಣವನ್ನು ಕೇಳಿದರೆ ನಿಜವನ್ನೇ, ಚಿಕ್ಕದಾಗಿ ಹೇಳಬೇಕು: ಬೇರೆ ಸಂಸ್ಥೆಗೆ ಹೋಗುತ್ತಿದ್ದಾರೆ, ಊರಿಗೆ ಮರಳುತ್ತಿದ್ದಾರೆ, ನಮ್ಮಲ್ಲೇ ಬೇರೆ ಹೊಣೆ ವಹಿಸಿಕೊಂಡಿದ್ದಾರೆ. ಆರೋಗ್ಯ ಅಥವಾ ಮನೆಯ ಸಂಗತಿಯಾದರೆ ವೈಯಕ್ತಿಕ ಕಾರಣ ಎಂದಷ್ಟೇ ಹೇಳುವುದು ಹೋಗುವವರಿಗೆ ನಾವು ತೋರಿಸಬೇಕಾದ ಗೌರವ. "ಅನಿವಾರ್ಯ ಕಾರಣಗಳಿಂದ" ಎಂಬ ಪದಪುಂಜವನ್ನು ಮಾತ್ರ ಬಳಸಬೇಡಿ. ಅದನ್ನು ಓದಿದವರು ಜಗಳವನ್ನೋ ಹಣದ ಅವ್ಯವಹಾರವನ್ನೋ ಊಹಿಸಿಕೊಳ್ಳುತ್ತಾರೆ.

ನಾಲ್ಕನೆಯ ಹೆಜ್ಜೆ: ಪತ್ರ

ಫೋನ್ ಮುಗಿದ ದಿನವೇ, ಸಂಜೆಯೊಳಗೆ, ಮುಖ್ಯಸ್ಥರ ಸಹಿಯಲ್ಲಿ ಪತ್ರ ಹೋಗಬೇಕು. ಅದರಲ್ಲಿ ದಿನಾಂಕಗಳು ಇರಬೇಕು, ಯಾವ ದಿನ ಯಾರ ಹೊಣೆ ಎಂಬುದು ಇರಬೇಕು. ಹೊಸಬರನ್ನು ಪರಿಚಯಿಸುವಾಗ ಅವರ ಪದವಿ, ಒಟ್ಟು ಅನುಭವದ ವರ್ಷಗಳಿಗಿಂತ ಗ್ರಾಹಕರ ಕೆಲಸಕ್ಕೆ ಹೊಂದುವ ಒಂದು ಸಂಗತಿ ಸಾಕು. ಮೂರು ಪಾಳಿಯ ಕಾರ್ಖಾನೆಗೆ ಮೂರು ಪಾಳಿಯ ಲೆಕ್ಕ ಗೊತ್ತಿರುವವರು ಬರುತ್ತಿದ್ದಾರೆಯೇ ಎಂಬುದೇ ಮುಖ್ಯ. ಮಾದರಿ ಹೀಗಿದೆ:

> ಮಾನ್ಯರೆ,
>
> ಇಂದು ಬೆಳಿಗ್ಗೆ ಫೋನಿನಲ್ಲಿ ತಿಳಿಸಿದಂತೆ, ನಿಮ್ಮ ಕಾರ್ಖಾನೆಯ ಸಂಬಳದ ಕೆಲಸವನ್ನು ನೋಡಿಕೊಳ್ಳುತ್ತಿರುವ (ಹಳಬರ ಹೆಸರು) ಅವರು ಆಗಸ್ಟ್ 31ರಂದು ನಮ್ಮ ಸಂಸ್ಥೆಯಿಂದ ಬೇರೆ ಸಂಸ್ಥೆಗೆ ತೆರಳುತ್ತಿದ್ದಾರೆ. ಸೆಪ್ಟೆಂಬರ್ 1ರಿಂದ ನಿಮ್ಮ ಅಕೌಂಟ್ ಮ್ಯಾನೇಜರ್ ಆಗಿ (ಹೊಸಬರ ಹೆಸರು) ಕೆಲಸ ಮಾಡುತ್ತಾರೆ. ಮೂರು ಪಾಳಿಯಲ್ಲಿ ನಡೆಯುವ ಎರಡು ಕಾರ್ಖಾನೆಗಳ ಸಂಬಳವನ್ನು ಅವರು ಕಳೆದ ನಾಲ್ಕು ವರ್ಷಗಳಿಂದ ಮಾಡುತ್ತಿದ್ದಾರೆ. ನಿಮ್ಮ ಕಳೆದ ಹನ್ನೆರಡು ತಿಂಗಳ ಹಾಳೆಗಳನ್ನು ಈಗಾಗಲೇ ಓದಿ ಮುಗಿಸಿದ್ದಾರೆ.
>
> ಜುಲೈ ಸಂಬಳವನ್ನು (ಹಳಬರು) ಮಾಡುತ್ತಾರೆ, (ಹೊಸಬರು) ಜೊತೆಗಿರುತ್ತಾರೆ. ಆಗಸ್ಟ್ ಸಂಬಳವನ್ನು (ಹೊಸಬರು) ಮಾಡುತ್ತಾರೆ, (ಹಳಬರು) ಪರಿಶೀಲಿಸುತ್ತಾರೆ. ಸೆಪ್ಟೆಂಬರ್ 7, 15 ಮತ್ತು 20ರ ಪಾವತಿಗಳನ್ನು ಹಾಗೂ ಸೆಪ್ಟೆಂಬರ್ ಸಂಬಳವನ್ನು ನಮ್ಮ ತಂಡದ ಮುಖ್ಯಸ್ಥರು ಎರಡನೆಯ ಬಾರಿ ಪರಿಶೀಲಿಸಿದ ಮೇಲೆಯೇ ನಿಮಗೆ ಕಳುಹಿಸಲಾಗುವುದು. ಆಗಸ್ಟ್ ಮತ್ತು ಸೆಪ್ಟೆಂಬರ್ ಕರಡುಗಳು 27ರ ಬದಲು 26ರ ಸಂಜೆಯೇ ನಿಮಗೆ ತಲುಪುತ್ತವೆ. ನೋಡಲು ನಿಮಗೆ ಒಂದು ದಿನ ಹೆಚ್ಚು ಸಿಗುತ್ತದೆ.
>
> ಶುಲ್ಕ, ಹಾಳೆಗಳ ನಮೂನೆ ಮತ್ತು ಒಪ್ಪಿಗೆಯ ಕ್ರಮ ಈಗಿನಂತೆಯೇ ಇರುತ್ತವೆ. ಲಿಖಿತ ಒಪ್ಪಂದದಲ್ಲಿ ಇಲ್ಲದ, ನಿಮ್ಮ ಕಾರ್ಖಾನೆಯ ರೂಢಿಯಲ್ಲಿರುವ ಅಂಶಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ್ದೇವೆ. ಅದನ್ನು ನಿಮ್ಮೊಂದಿಗೆ ಓದಿ ತಿದ್ದಿಕೊಳ್ಳಲು ಜುಲೈ 24ರಂದು ಬೆಳಿಗ್ಗೆ 11ಕ್ಕೆ ಮೂವರೂ ನಿಮ್ಮಲ್ಲಿಗೆ ಬರುತ್ತೇವೆ.
>
> ಈ ಅವಧಿಯಲ್ಲಿ ಯಾವುದೇ ತೊಂದರೆಯಾದರೆ ನನಗೆ ನೇರವಾಗಿ ಕರೆ ಮಾಡಬಹುದು.

ಈ ಪತ್ರದಲ್ಲಿ ಕರಡನ್ನು ಒಂದು ದಿನ ಮೊದಲೇ ಕೊಡುವ ಮಾತು ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು. ಹೊಸಬರಿಂದ ತಪ್ಪು ಆಗಬಹುದು ಎಂಬುದು ಗ್ರಾಹಕರಿಗೂ ಗೊತ್ತು, ನಮಗೂ ಗೊತ್ತು. ತಪ್ಪೇ ಆಗುವುದಿಲ್ಲ ಎನ್ನುವ ಬದಲು, ತಪ್ಪಾದರೆ ಅದು ಸಿಕ್ಕಿಬೀಳಲು ಸಮಯವಿದೆ ಎಂದು ತೋರಿಸಿದರೆ ಅವರಿಗೆ ಧೈರ್ಯ ಬರುತ್ತದೆ. ಆದರೆ ಹೀಟ್ ಟ್ರೀಟ್‌ಮೆಂಟ್ ವಿಭಾಗದ ಹಾಜರಿಯೇ 26ರ ಮಧ್ಯಾಹ್ನ ಬರುವುದರಿಂದ, ಸಂಜೆಯೊಳಗೆ ಕರಡು ಮುಗಿಸಲು ಆ ದಿನ ಇನ್ನೊಬ್ಬರನ್ನು ಜೊತೆಗೆ ಕೂರಿಸಲು ಸಾಧ್ಯವೇ ಎಂದು ಮೊದಲೇ ನೋಡಿಕೊಳ್ಳಬೇಕು. ಆಗದಿದ್ದರೆ ಆ ಸಾಲನ್ನು ಬರೆಯಬಾರದು.

ಐದನೆಯ ಹೆಜ್ಜೆ: ಮೂವರ ಭೇಟಿ

ಭೇಟಿ ಗ್ರಾಹಕರ ಕಾರ್ಖಾನೆಯಲ್ಲೇ ನಡೆಯಬೇಕು, ಮುಕ್ಕಾಲು ಗಂಟೆ ಸಾಕು. ಮುಖ್ಯಸ್ಥರು ಎರಡು ಮಾತು ಹೇಳಿ ಸುಮ್ಮನಿರಬೇಕು. ಹಳಬರು ಇನ್ನೂ ಕಡಿಮೆ ಮಾತನಾಡಬೇಕು. ಟಿಪ್ಪಣಿಯ ಒಂದೊಂದೇ ಅಂಶವನ್ನು ಹೊಸಬರು ತಮ್ಮ ಮಾತಿನಲ್ಲಿ ಹೇಳುತ್ತಾ ಹೋಗಬೇಕು: "ರಾತ್ರಿ ಪಾಳಿ ಮಧ್ಯರಾತ್ರಿ ದಾಟಿದ್ರೂ ಶುರುವಾದ ದಿನಕ್ಕೇ ಸೇರಿಸ್ತೀವಿ, ಸರಿ ತಾನೇ ಸಾರ್?" ಗ್ರಾಹಕರು ಸರಿ ಎನ್ನುತ್ತಾರೆ, ಇಲ್ಲವೇ ತಿದ್ದುತ್ತಾರೆ. ಅವರು ತಿದ್ದಲಿ ಎಂದೇ ಈ ಭೇಟಿ. ಹಳಬರಿಗೂ ಗೊತ್ತಿಲ್ಲದ ಒಂದೋ ಎರಡೋ ಅಂಶ ಇಲ್ಲಿ ಹೊರಬರುತ್ತದೆ, ಏಕೆಂದರೆ ಹಳಬರು ಯೋಚಿಸದೆಯೇ ಸರಿಯಾಗಿ ಮಾಡುತ್ತಿದ್ದ ಕೆಲಸಗಳು ಗ್ರಾಹಕರ ಕಣ್ಣಿಗೆ ಕಾಣುತ್ತಿರುತ್ತವೆ. ಸಂಜೆ ತಿದ್ದಿದ ಪಟ್ಟಿಯನ್ನು ಇಮೇಲ್‌ನಲ್ಲಿ ಕಳುಹಿಸಿ, ಸರಿ ಇದೆ ಎಂಬ ಉತ್ತರ ತರಿಸಿಕೊಳ್ಳಬೇಕು. ಅಲ್ಲಿಗೆ ಬಾಯಿಮಾತು ಬರಹವಾಗುತ್ತದೆ.

ಹೀಟ್ ಟ್ರೀಟ್‌ಮೆಂಟ್ ಸೂಪರ್‌ವೈಸರನ್ನು ಅದೇ ದಿನ ಹೋಗಿ ಮಾತನಾಡಿಸಿಕೊಂಡು ಬರುವುದನ್ನು ಮರೆಯಬಾರದು. ಅಪರಿಚಿತ ನಂಬರಿನಿಂದ "ಹಾಜರಿ ಫೋಟೋ ಕಳಿಸಿ" ಎಂದು ಸಂದೇಶ ಬಂದರೆ ಅವರು ಕಳುಹಿಸುವುದಿಲ್ಲ, ಕಳುಹಿಸಲೂಬಾರದು.

ಆರನೆಯ ಹೆಜ್ಜೆ: ಕೀಲಿಗಳು

ಪಿಎಫ್ ಪೋರ್ಟಲ್‌ನಲ್ಲಿ ಉದ್ಯೋಗದಾತರ ಖಾತೆಗೆ ನೋಂದಾಯಿಸಿದ ಮೊಬೈಲ್ ನಂಬರ್ ಯಾರದು ಎಂದು ಮೊದಲು ನೋಡಿ. ಅದು ಗ್ರಾಹಕರ ಕಂಪನಿಯದೇ ಆಗಿರಬೇಕು. ಆದರೆ ಅನುಕೂಲಕ್ಕೆಂದು ಯಾವಾಗಲೋ ಮ್ಯಾನೇಜರ್ ತಮ್ಮ ನಂಬರ್ ಕೊಟ್ಟಿರುವುದು ಅಪರೂಪವಲ್ಲ. ಇದು ಪತ್ತೆಯಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ 15ರ ಮಧ್ಯಾಹ್ನ, ಓಟಿಪಿ ಬೇರೆ ಸಂಸ್ಥೆಯಲ್ಲಿ ಮೀಟಿಂಗ್‌ನಲ್ಲಿ ಕುಳಿತವರ ಫೋನಿಗೆ ಹೋದಾಗ. ಇಎಸ್‌ಐ, ಆದಾಯ ತೆರಿಗೆ ಮತ್ತು ವೃತ್ತಿ ತೆರಿಗೆಯ ಖಾತೆಗಳಲ್ಲೂ ನಂಬರ್ ಮತ್ತು ಇಮೇಲ್ ನೋಡಿ, ಬದಲಿಸಬೇಕಾದದ್ದನ್ನು ಹಳಬರು ಇರುವಾಗಲೇ ಗ್ರಾಹಕರ ಕೈಯಿಂದ ಬದಲಿಸಿ, ಒಮ್ಮೆ ಲಾಗಿನ್ ಮಾಡಿ ಪರೀಕ್ಷಿಸಿ.

ಆಗಸ್ಟ್ 31ರ ಸಂಜೆ ಹಳಬರು ವಾಟ್ಸಾಪ್ ಗುಂಪಿನಿಂದ ಹೊರಬರಬೇಕು, ಅವರ ಫೋನಿನಲ್ಲಿರುವ ಹಾಜರಿ ಫೋಟೋ, ಸಂಬಳದ ಹಾಳೆ, ಬ್ಯಾಂಕ್ ಖಾತೆಯ ವಿವರಗಳನ್ನು ಅಳಿಸಬೇಕು, ಪಾಸ್‌ವರ್ಡ್‌ಗಳು ಬದಲಾಗಬೇಕು. ಇದೆಲ್ಲ ಮುಗಿದಿದೆ ಎಂದು ಗ್ರಾಹಕರಿಗೆ ಎರಡು ಸಾಲು ಬರೆಯಿರಿ. 240 ಜನರ ಖಾತೆಯ ವಿವರ ಕೆಲಸ ಬಿಟ್ಟವರ ಫೋನಿನಲ್ಲಿ ಉಳಿದಿದೆಯೇ ಎಂಬ ಪ್ರಶ್ನೆಯನ್ನು ಅವರು ಸಂಕೋಚದಿಂದ ಕೇಳದಿರಬಹುದು, ಆದರೆ ಅದು ಮನಸ್ಸಿನಲ್ಲಿ ಇರುತ್ತದೆ. ಹಳಬರ ಇಮೇಲ್ ವಿಳಾಸಕ್ಕೆ ಬರುವ ಸಂದೇಶಗಳು ಕನಿಷ್ಠ ಮೂರು ತಿಂಗಳು ಹೊಸಬರಿಗೆ ಬರುವಂತೆ ವ್ಯವಸ್ಥೆ ಮಾಡಿ.

ಏಳನೆಯ ಹೆಜ್ಜೆ: ಮೊದಲ ತಿಂಗಳುಗಳನ್ನು ಗಮನಿಸುವುದು

ದೂರು ಬಂದ ಮೇಲೆ ತಿಳಿದುಕೊಳ್ಳುವುದಾದರೆ ತಡವಾಗಿರುತ್ತದೆ. ಅದಕ್ಕೂ ಮೊದಲೇ ಕಾಣುವ ಲಕ್ಷಣಗಳಿವೆ. ಮೊದಲು ಫೋನಿನಲ್ಲಿ ಕೇಳುತ್ತಿದ್ದುದನ್ನು ಎಚ್‌ಆರ್ ಅಧಿಕಾರಿ ಈಗ ಇಮೇಲ್‌ನಲ್ಲಿ, ಮಾಲೀಕರಿಗೂ ಪ್ರತಿ ಕಳುಹಿಸಿ ಕೇಳುತ್ತಿದ್ದರೆ, ಅವರು ಮುಂದಿನ ಜಗಳಕ್ಕೆ ಸಾಕ್ಷ್ಯ ಕೂಡಿಡುತ್ತಿದ್ದಾರೆ ಎಂದು ತಿಳಿಯಬೇಕು. ಸಣ್ಣ ಪ್ರಶ್ನೆಗೂ ನೇರವಾಗಿ ಮುಖ್ಯಸ್ಥರಿಗೆ ಫೋನ್ ಬರುತ್ತಿದ್ದರೆ ಹೊಸಬರನ್ನು ಅವರು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆಗ ಮುಖ್ಯಸ್ಥರು ಉತ್ತರವನ್ನು ತಾವೇ ಕೊಡದೆ, ಹೊಸಬರಿಂದಲೇ ಅರ್ಧ ಗಂಟೆಯಲ್ಲಿ ಕೊಡಿಸಬೇಕು. ಹಿಂದೆ ಪ್ರತಿ ಕರಡಿಗೂ ನಾಲ್ಕೈದು ತಿದ್ದುಪಡಿ ಹೇಳುತ್ತಿದ್ದವರು ಈಗ ಹತ್ತು ನಿಮಿಷದಲ್ಲಿ "ಓಕೆ" ಎಂದು ಕಳುಹಿಸುತ್ತಿದ್ದರೆ ಅದನ್ನು ಮೆಚ್ಚುಗೆ ಎಂದು ತಿಳಿಯಬೇಡಿ. ಅವರು ಓದುವುದನ್ನೇ ಬಿಟ್ಟಿರುವ ಸಾಧ್ಯತೆ ಹೆಚ್ಚು. ಆಗ ಹೊಸಬರೇ ಫೋನ್ ಮಾಡಿ ಬದಲಾದ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುವುದು ಒಳ್ಳೆಯದು.

ತಪ್ಪು ಆಗಿಯೇ ಬಿಟ್ಟರೆ, ಹೊಸಬರೆಂದು ನೆಪ ಹೇಳಬಾರದು, ಹಳಬರು ಹೇಳಿರಲಿಲ್ಲ ಎಂದೂ ಹೇಳಬಾರದು. ಎಷ್ಟು ಜನರಿಗೆ, ಎಷ್ಟು ರೂಪಾಯಿ, ಯಾವ ದಿನ ಸರಿಹೋಗುತ್ತದೆ ಎಂಬ ಮೂರು ಸಂಗತಿಗಳನ್ನು ಮುಖ್ಯಸ್ಥರೇ ಅಂದೇ ತಿಳಿಸಬೇಕು, ಆ ಅಂಶವನ್ನು ಟಿಪ್ಪಣಿಗೆ ಸೇರಿಸಬೇಕು.

ಹಳಬರು ನೋಟಿಸ್ ಅವಧಿಯನ್ನೇ ಕೊಡದೆ ಹೋಗಿಬಿಟ್ಟರೆ ಈ ಕ್ರಮದಲ್ಲಿ ಅರ್ಧ ಸಾಧ್ಯವಾಗುವುದಿಲ್ಲ. ಆಗ ದಿನ ನೋಡುತ್ತಾ ಕೂರದೆ ಅಂದೇ ಫೋನ್ ಮಾಡಿ, ತಂಡದ ಮುಖ್ಯಸ್ಥರು ಸದ್ಯಕ್ಕೆ ಕೆಲಸ ನೋಡುತ್ತಾರೆ ಎಂದು ಹೇಳಿ, ರೂಢಿಯ ಅಂಶಗಳನ್ನು ಗ್ರಾಹಕರಿಂದಲೇ ಕೇಳಿ ಬರೆದುಕೊಳ್ಳಬೇಕು. ನಮಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಕಷ್ಟವೆನಿಸಿದರೂ, ಗೊತ್ತಿದೆ ಎಂದು ನಟಿಸಿ 18 ಜನರ ಸಂಬಳ ಕೆಡಿಸುವುದಕ್ಕಿಂತ ಅದು ಹಗುರ.

ಕೊನೆಯ ಹೆಜ್ಜೆ: ವರ್ಷಕ್ಕೊಮ್ಮೆ ಬರುವ ಕೆಲಸಗಳು

ಎರಡು ತಿಂಗಳು ಸರಿಯಾಗಿ ನಡೆದರೆ ಹಸ್ತಾಂತರ ಮುಗಿಯಿತು ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಹಳಬರು ಜೊತೆಗಿದ್ದ ಆ ಎರಡು ತಿಂಗಳಲ್ಲಿ ಕಾಣಿಸಿಕೊಳ್ಳದ ಕೆಲಸಗಳು ಉಳಿದಿರುತ್ತವೆ. ಅಕ್ಟೋಬರ್ ಹೊತ್ತಿಗೆ ಬೋನಸ್. ಕಾರ್ಮಿಕ ಕಲ್ಯಾಣ ನಿಧಿಯ ವಂತಿಗೆಯನ್ನು ವರ್ಷಕ್ಕೊಮ್ಮೆ, ಜನವರಿ 15ರೊಳಗೆ ಕಟ್ಟಬೇಕು. ಕರ್ನಾಟಕದ ವೃತ್ತಿ ತೆರಿಗೆ 2025ರ ಏಪ್ರಿಲ್‌ನಿಂದ ಹನ್ನೊಂದು ತಿಂಗಳು 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300. ಹಿಂದಿನ ತಿಂಗಳ ಹಾಳೆಯನ್ನೇ ನಕಲು ಮಾಡಿಕೊಂಡು ಹೋದರೆ ಇದು ತಪ್ಪಿಹೋಗುತ್ತದೆ. ಇವುಗಳನ್ನು ಟಿಪ್ಪಣಿಯ ಕೊನೆಯಲ್ಲಿ ತಿಂಗಳ ಕ್ರಮದಲ್ಲಿ ಬರೆದು, ಪ್ರತಿಯೊಂದಕ್ಕೂ ಹದಿನೈದು ದಿನ ಮೊದಲು ಹೊಸಬರೇ ಗ್ರಾಹಕರಿಗೆ ನೆನಪಿಸುವಂತೆ ದಿನಾಂಕ ಹಾಕಿಡಬೇಕು. ಗ್ರಾಹಕರು ಕೇಳುವ ಮೊದಲೇ "ಸಾರ್, ಆಯುಧಪೂಜೆ ಹತ್ತಿರ ಬರ್ತಿದೆ, ಬೋನಸ್ ಲೆಕ್ಕ ಸೋಮವಾರ ಕಳಿಸ್ತೀನಿ" ಎಂಬ ಫೋನ್ ಹೊಸಬರಿಂದ ಹೋದ ದಿನ, ಮಾಲೀಕರು ಹಳಬರ ಹೆಸರಿನ ಬದಲು ಹೊಸಬರ ಹೆಸರು ಹಿಡಿದು ಕರೆಯಲು ಆರಂಭಿಸುತ್ತಾರೆ.

ಈ ಪಟ್ಟಿಯಲ್ಲಿ ನಾನು ಕೊನೆಗೆ ಗುರುತು ಹಾಕುವ ಸಾಲು ಮುಂದಿನ ಜೂನ್ ತಿಂಗಳದು. ಆ ಕರಡು ಗ್ರಾಹಕರಿಗೆ ಹೋಗುವ ಮೊದಲು ಮುಂಗಡದ ಕಾಲಂ ತೆರೆದು, ಎಲ್ಲರ ಹೆಸರಿನ ಮುಂದೆಯೂ ಸೊನ್ನೆ ಇದೆಯೇ ಎಂದು ನೋಡುತ್ತೇನೆ. ಇದ್ದರೆ ಆ ಗ್ರಾಹಕರ ಹಸ್ತಾಂತರದ ಕಡತವನ್ನು ಅಂದು ಮುಚ್ಚುತ್ತೇನೆ.